ಟೆಕ್ಸಸ್ ಹೈಸ್ಕೂಲಿನ ರ‍್ಯಾಂಕ್: ಇಬ್ಬರಿಗೆ ಒಂದೇ ಅಂಕ ಬಂದರೆ?

ಟೆಕ್ಸಸ್‌ನಲ್ಲಿ ಮಕ್ಕಳ ಕ್ಲಾಸ್ ರ‍್ಯಾಂಕಿಗೆ ಕಾನೂನಿನ ಬೆಲೆಯಿದೆ. 1997ರ ಕಾನೂನಿನಂತೆ ತರಗತಿಯ ಮೇಲಿನ ಶೇ 10ರೊಳಗೆ ಇರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಗೆರೆ ಇನ್ನೂ ಬಿಗಿ. 2026ರ ಫಾಲ್ ಪ್ರವೇಶಕ್ಕೆ ಅದು ಶೇ 5. ಗೆರೆಯ ಹತ್ತಿರವೇ ನಿಂತ ಮಗುವಿಗೆ, ಸಮ ಅಂಕ ಬಂದವರನ್ನು ಶಾಲೆ ಹೇಗೆ ಎಣಿಸುತ್ತದೆ ಎಂಬುದು ದೊಡ್ಡ ಪ್ರಶ್ನೆ.

200 ಮಕ್ಕಳ ತರಗತಿ ಎಂದುಕೊಳ್ಳಿ. ಶೇ 5 ಅಂದರೆ 10 ಜನ. ಜಿಪಿಎ ಪ್ರಕಾರ ಮೊದಲು ಒಬ್ಬಳು, ಅವಳ ಕೆಳಗೆ ಸಮವಾಗಿ ಮೂವರು, ಆಮೇಲೆ ಒಬ್ಬ, ಸಮವಾಗಿ ಇಬ್ಬರು, ಮತ್ತೊಬ್ಬ, ಮತ್ತೆ ಸಮವಾಗಿ ಮೂವರು, ಅವರ ನಂತರ ನಿಮ್ಮ ಮಗ. ಅವನಿಗಿಂತ ಮುಂದೆ 11 ಮಕ್ಕಳಿದ್ದಾರೆ.

ಸ್ಟ್ಯಾಂಡರ್ಡ್ ವಿಧಾನದಲ್ಲಿ ರ‍್ಯಾಂಕುಗಳು 1, 2, 2, 2, 5, 6, 6, 8, 9, 9, 9, 12 ಎಂದು ಸಾಗುತ್ತವೆ. ಸಮ ಬಂದವರು ಎಷ್ಟು ಸ್ಥಾನ ತುಂಬಿದರೋ ಅಷ್ಟು ಸಂಖ್ಯೆಗಳನ್ನು ಬಿಟ್ಟು ಮುಂದಿನ ರ‍್ಯಾಂಕ್ ಬರುತ್ತದೆ. ಮಗನದು 12, ಅಂದರೆ ಶೇ 6. ಡೆನ್ಸ್ ವಿಧಾನದಲ್ಲಿ ಸಂಖ್ಯೆ ಬಿಡುವುದಿಲ್ಲ, ಹಾಗಾಗಿ ಅದೇ ಮಗನಿಗೆ 7 ಸಿಗುತ್ತದೆ. 7ನ್ನು 200ರಿಂದ ಭಾಗಿಸಿದರೆ ಶೇ 3.5, ಮನೆಯವರೆಲ್ಲ ಸಂತೋಷಪಡುತ್ತಾರೆ. ಆದರೆ ಡೆನ್ಸ್ ಎಣಿಸುವುದು ಬೇರೆ ಬೇರೆ ಅಂಕಗಳನ್ನು, ಮಕ್ಕಳನ್ನಲ್ಲ. ಅದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸುವುದೇ ತಪ್ಪು.

ಫ್ರಾಕ್ಷನಲ್ ವಿಧಾನ ಸ್ಥಾನಗಳ ಸರಾಸರಿ ಹಾಕುತ್ತದೆ. 6, 7ನೇ ಸ್ಥಾನದ ಇಬ್ಬರಿಗೂ 6.5. 9, 10, 11ನೇ ಸ್ಥಾನದ ಮೂವರಿಗೂ 10. ನಿಜವಾದ ಇಕ್ಕಟ್ಟು ಈ ಮೂವರದು: ಗೆರೆ ಅವರ ನಡುವೆಯೇ ಹಾದುಹೋಗುತ್ತದೆ. ಸ್ಟ್ಯಾಂಡರ್ಡ್‌ನ 9 ನೋಡಿದರೂ ಸರಾಸರಿಯ 10 ನೋಡಿದರೂ ಮೂವರೂ ಒಳಗೆ. ಗುಂಪಿನ ಕೊನೆಯ ಸ್ಥಾನವಾದ 11ನ್ನು ಎಲ್ಲರಿಗೂ ಕೊಟ್ಟರೆ ಮೂವರೂ ಹೊರಗೆ.

ಶಾಲೆಯದು ಯಾವ ವಿಧಾನ ಎಂದು ತಿಳಿಯಲು ಕೌನ್ಸೆಲರ್‌ಗೆ ಎರಡು ಪ್ರಶ್ನೆ ಕೇಳಿ: ನನ್ನ ಮಗನಿಗಿಂತ ಹೆಚ್ಚು ಜಿಪಿಎ ಇರುವ ಮಕ್ಕಳು ಎಷ್ಟು? ಅವನಷ್ಟೇ ಇರುವವರು ಎಷ್ಟು? ಮೊದಲ ಉತ್ತರಕ್ಕೆ ಒಂದು ಕೂಡಿಸಿ. ಅದು ಟ್ರಾನ್ಸ್‌ಕ್ರಿಪ್ಟ್‌ನ ಸಂಖ್ಯೆಗೆ ಸರಿಹೊಂದಿದರೆ ಸ್ಟ್ಯಾಂಡರ್ಡ್. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದಕ್ಕಿಂತ ಚಿಕ್ಕ ಸಂಖ್ಯೆ ಇದ್ದರೆ ಡೆನ್ಸ್ ಎಂದು ಅನುಮಾನಿಸಿ. ದೊಡ್ಡ ಸಂಖ್ಯೆ ಇದ್ದರೆ ಎರಡನೇ ಉತ್ತರ ನೋಡಿ: ಅದು ಸ್ಥಾನಗಳ ಸರಾಸರಿಯೋ ಗುಂಪಿನ ಕೊನೆಯ ಸ್ಥಾನವೋ ಎಂದು ತಿಳಿಯುತ್ತದೆ.

ದಶಮಾಂಶವನ್ನೂ ವಿಚಾರಿಸಿ. 4.487 ಮತ್ತು 4.491 ಎರಡನ್ನೂ ಎರಡು ಸ್ಥಾನಕ್ಕೆ ರೌಂಡ್ ಮಾಡಿ 4.49 ಎಂದರೆ, ಇಲ್ಲದ ಸಮ ಹುಟ್ಟುತ್ತದೆ. ಇದು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವುದರಿಂದ ಪಕ್ಕದ ಊರಿನ ಗೆಳೆಯರ ಮಾತು ನಂಬಿ ಕೂರಬೇಡಿ, ನಿಮ್ಮ ಶಾಲಾ ಜಿಲ್ಲೆಯ ಲಿಖಿತ ನಿಯಮವನ್ನೇ ಓದಿ. ಆ ಓದು ಅರ್ಜಿ ಹಾಕುವ ವರ್ಷಕ್ಕೆ ಮೊದಲೇ ಮುಗಿದಿರಲಿ.