ಗೆರೆ ನೆಟ್ಟಗಿತ್ತು, ನಡು ತಪ್ಪಿತ್ತು

ಗದಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತ ಮಾಸ್ತರ. ಲಂಬಾರ್ಧಕ, ಕೋನಾರ್ಧಕಗಳನ್ನು ವರ್ಷಾವರ್ಷ ಕಲಿಸುತ್ತ ಬಂದವನು. ಅವು ಯಾಕೆ ಸರಿಯಾಗಿ ಬರುತ್ತವೆ ಎಂಬುದು ಮಾತ್ರ ನನಗೆ ಪೂರ್ತಿ ತಿಳಿದದ್ದು ಒಂದು ವಾಲಿಬಾಲ್ ಕೋರ್ಟಿನಲ್ಲಿ, ಗೆರೆ ತಪ್ಪಿದ ದಿನ.

ಕ್ರೀಡಾಕೂಟ ನಮ್ಮ ಮೈದಾನದಲ್ಲೇ ಇತ್ತು. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ, 9 ಮೀಟರ್ ಅಗಲ. ನಡುಗೆರೆ ಉದ್ದದ ಗೆರೆಯನ್ನು ಸರಿಯಾಗಿ ಅರ್ಧ ಮಾಡಬೇಕು, ಅದಕ್ಕೆ ಲಂಬವಾಗಿಯೂ ಇರಬೇಕು. ಅಂದರೆ ಅದು 18 ಮೀಟರ್ ರೇಖಾಖಂಡದ ಲಂಬಾರ್ಧಕವೇ. ಪಿ.ಟಿ. ಮಾಸ್ತರು ಟೇಪು ತಂದಿದ್ದರು. ನಾನು, "ಟೇಪು ಆಮ್ಯಾಲ ನೋಡೋಣ್ರಿ, ಮೊದಲ ಹುಡುಗೂರು ಹಗ್ಗದಲೆ ಹಾಕಲಿ" ಎಂದೆ. ಹಗ್ಗವೇ ಕೈವಾರ, ಗೂಟವೇ ಅದರ ಮುಳ್ಳು, ಸುಣ್ಣದ ಪುಡಿಯೇ ಪೆನ್ಸಿಲ್.

ಗೆರೆಯ ಎರಡು ತುದಿಗೆ ಅ, ಬ ಎಂದು ಗೂಟ ಬಡಿದೆವು. ಕೈವಾರವನ್ನು ಅರ್ಧಕ್ಕಿಂತ ಹೆಚ್ಚು ತೆರೆಯಬೇಕು ಎಂದು ಪುಸ್ತಕ ಹೇಳುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಕಂಸಗಳು ಕೂಡುವುದೇ ಇಲ್ಲ, ಅದು ಎಲ್ಲರಿಗೂ ಗೊತ್ತು. ಹೆಚ್ಚು ಎಂದರೆ ಎಷ್ಟು ಹೆಚ್ಚು ಎಂಬುದನ್ನು ಪುಸ್ತಕ ಹೇಳುವುದಿಲ್ಲ. 9 ಮೀಟರಿಗಿಂತ ಚೂರೇ ಹೆಚ್ಚು ಇಟ್ಟರೆ ಮೇಲಿನ, ಕೆಳಗಿನ ಎರಡೂ ಕೂಡುಬಿಂದುಗಳು ಅಂಟಿಕೊಂಡಂತೆ ಹತ್ತಿರ ಬೀಳುತ್ತವೆ. ಅಷ್ಟು ಹತ್ತಿರದ ಎರಡು ಬಿಂದುಗಳಿಂದ ಎಳೆದ ಗೆರೆಯನ್ನು ಉದ್ದ ಮಾಡಿದರೆ, ಒಂದು ಬೆರಳಿನಷ್ಟು ತಪ್ಪು ಆ ತುದಿಗೆ ಒಂದು ಗೇಣಾಗುತ್ತದೆ. ತೀರ ಉದ್ದ ಹಗ್ಗ ಹಿಡಿದರೆ ಕಂಸಗಳು ಒಂದರ ಮೇಲೊಂದು ಮಲಗಿದ ಹಾಗೆ ಹಾಯುತ್ತವೆ, ಎಲ್ಲಿ ಕೂಡಿದವು ಎಂಬುದೇ ಮಸುಕಾಗುತ್ತದೆ. ಗೆರೆಯ ಉದ್ದದ ಹತ್ತರಲ್ಲಿ ಏಳು ಪಾಲು ಹಿಡಿದರೆ ಎರಡು ಕಂಸಗಳು ಹೆಚ್ಚುಕಡಿಮೆ ಲಂಬವಾಗಿಯೇ ಕತ್ತರಿಸುತ್ತವೆ, ಬಿಂದು ಚೊಕ್ಕವಾಗಿ ಕಾಣುತ್ತದೆ. ನಮಗೆ ಅದು 12 ಮೀಟರ್ 73 ಸೆಂಟಿಮೀಟರ್ ಆಯಿತು. 9 ಮೀಟರ್ ಚೌಕದ ಕರ್ಣದ ಉದ್ದವೂ ಅಷ್ಟೇ. ವಾಲಿಬಾಲ್ ಕೋರ್ಟು ಎಂದರೆ ಅಂಥ ಎರಡು ಚೌಕಗಳು, ಆದ್ದರಿಂದ ಕೂಡುಬಿಂದು ನೇರವಾಗಿ ಎದುರಿನ ಗೆರೆಯ ಮೇಲೇ ಬೀಳಬೇಕು. ನೋಟ್‌ಬುಕ್ಕಿನಲ್ಲಿ 6 ಸೆಂಟಿಮೀಟರ್ ಗೆರೆಗೆ 4 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಎಂದು ಈಗ ನಾನು ಹೇಳಿಯೇ ಹೇಳುತ್ತೇನೆ.

ಹುಡುಗರು ಅ ಗೂಟದಿಂದ ಕೋರ್ಟಿನ ಒಳಗೊಂದು, ಹೊರಗೊಂದು ಕಂಸ ಎಳೆದರು. ಆಮೇಲೆ ಹಗ್ಗ ಬಿಚ್ಚಿ ಬ ಗೂಟಕ್ಕೆ ಕಟ್ಟಿ ಮತ್ತೆರಡು ಎಳೆದರು. ಒಳಗಿನ ಕೂಡುಬಿಂದು ಕ, ಹೊರಗಿನದು ಡ. ಕ, ಡ ಸೇರಿಸಿ ದಾರ ಬಿಗಿದು ಸುಣ್ಣ ಹಾಕಿದರು. ಪಿ.ಟಿ. ಮಾಸ್ತರು ಮೂರು, ನಾಲ್ಕು, ಐದು ಮೀಟರ್ ಹಿಡಿದು ಮೂಲೆ ನೋಡಿದರು. ಲಂಬ ಪಕ್ಕಾ ಇತ್ತು. ಟೇಪು ಹಿಡಿದರೆ ಅ ಕಡೆ 8 ಮೀಟರ್ 93, ಬ ಕಡೆ 9 ಮೀಟರ್ 7 ಸೆಂಟಿಮೀಟರ್.

"ಸರ, ಗೆರಿ ನೆಟ್ಟಗ ಐತ್ರಿ, ಆದ್ರ ನಡುವ ಇಲ್ರಿ. ಹಂಗ್ಯಾಕ್ರಿ?" ಎಂದು ಎಂಟನೆಯತ್ತೆಯ ಹುಡುಗಿಯೊಬ್ಬಳು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಲಂಬವೂ ಅರ್ಧವೂ ಒಂದೇ ರಚನೆಯಿಂದ ಬರುವಾಗ, ಒಂದು ಉಳಿದು ಇನ್ನೊಂದು ಹೋಗುವುದು ಹೇಗೆ?

ರಾತ್ರಿ ಹಾಳೆಯ ಮೇಲೆ ಬರೆದು ನೋಡಿದೆ. ಮೊದಲು ಪುಸ್ತಕದ ಕಾರಣ. ಕ ಬಿಂದು ಅ, ಬ ಎರಡರಿಂದಲೂ ಸಮದೂರ, ಏಕೆಂದರೆ ಹಗ್ಗ ಒಂದೇ. ಡ ಕೂಡ ಹಾಗೆಯೇ. ಈಗ ಅ, ಕ, ಡ ಸೇರಿದ ತ್ರಿಭುಜ ಒಂದು, ಬ, ಕ, ಡ ಸೇರಿದ್ದು ಇನ್ನೊಂದು. ಕಡ ಬಾಹು ಎರಡಕ್ಕೂ ಸೇರಿದ್ದು. ಮೂರು ಬಾಹುಗಳೂ ಸಮವಾದವು, ತ್ರಿಭುಜಗಳು ಸರ್ವಸಮ. ಹಾಗಾಗಿ ಕ ಮೂಲೆಯಲ್ಲಿ ಗೆರೆಯ ಎರಡು ಪಕ್ಕದ ಕೋನಗಳು ಸಮ. ಇನ್ನು ಕಡ ಗೆರೆ ಅಬ ಗೆರೆಯನ್ನು ದಾಟುವ ಜಾಗ ಮ ಎಂದುಕೊಳ್ಳಿ. ಅಕಮ, ಬಕಮ ಎಂಬ ಎರಡು ಸಣ್ಣ ತ್ರಿಭುಜಗಳಲ್ಲಿ ಎರಡು ಬಾಹುಗಳೂ ಅವುಗಳ ನಡುವಿನ ಕೋನವೂ ಸಮ. ಆದ್ದರಿಂದ ಅಮ, ಬಮ ಸಮ. ಮ ದಲ್ಲಿರುವ ಎರಡು ಕೋನಗಳೂ ಸಮ, ಎರಡೂ ಕೂಡಿ 180 ಡಿಗ್ರಿ, ಅಂದರೆ ಒಂದೊಂದೂ 90. ಅರ್ಧವೂ ಆಯಿತು, ಲಂಬವೂ ಆಯಿತು.

ಈ ಕಾರಣದಲ್ಲಿ ಬೇಕಾದದ್ದು ಕ ದಿಂದ ಅ, ಬ ಗಳಿಗೆ ಸಮದೂರ, ಡ ದಿಂದ ಅ, ಬ ಗಳಿಗೆ ಸಮದೂರ, ಇಷ್ಟೇ. ಮೇಲಿನ ಜೋಡಿಗೂ ಕೆಳಗಿನ ಜೋಡಿಗೂ ಒಂದೇ ಅಳತೆ ಇರಬೇಕೆಂದು ಎಲ್ಲಿಯೂ ಬೇಡಿಲ್ಲ. ನಾಲ್ಕೂ ಕಂಸ ಒಂದೇ ತ್ರಿಜ್ಯದವಿರಬೇಕು ಎಂದು ನಾನು ಎಷ್ಟು ವರ್ಷ ಹೇಳಿದ್ದೆನೋ. ಹಾಗಿದ್ದರೆ ಕೆಲಸ ಸಲೀಸು, ಅಷ್ಟೇ. ಗೆರೆ ಪುಟದ ತುದಿಗೇ ಇದ್ದು ಕೆಳಗೆ ಜಾಗವಿಲ್ಲದಿದ್ದರೆ, ಎರಡು ಬಿಂದುಗಳನ್ನೂ ಮೇಲೆಯೇ ಬೇರೆ ಬೇರೆ ತ್ರಿಜ್ಯದಿಂದ ಪಡೆಯಬಹುದು.

ಇನ್ನು ನಮ್ಮ ತಪ್ಪು. ಹುಡುಗರು ಹಗ್ಗವನ್ನು ಬ ಗೂಟಕ್ಕೆ ಮತ್ತೆ ಕಟ್ಟುವಾಗ ಗಂಟು ಸರಿದು ಸುಮಾರು 10 ಸೆಂಟಿಮೀಟರ್ ಉದ್ದವಾಗಿತ್ತು. ಅ ದಿಂದ 12.73, ಬ ದಿಂದ 12.83. ಲೆಕ್ಕ ಹಾಕಿದರೆ ಎರಡು ಉದ್ದಗಳ ವರ್ಗಗಳ ವ್ಯತ್ಯಾಸವನ್ನು 36 ರಿಂದ, ಅಂದರೆ ಗೆರೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದಷ್ಟು ಗೆರೆ ಸರಿಯುತ್ತದೆ. ಅದು 7 ಸೆಂಟಿಮೀಟರ್. ಟೇಪು ತೋರಿಸಿದ್ದೂ ಅಷ್ಟೇ. ಆದರೆ ಅ ದಿಂದ ಎಳೆದ ಎರಡು ಕಂಸಗಳೂ ಒಂದೇ ಗಂಟಿನವು, ಬ ದಿಂದ ಎಳೆದ ಎರಡೂ ಒಂದೇ ಗಂಟಿನವು. ಹಾಳೆಯನ್ನು ಅಬ ಗೆರೆಯ ಮೇಲೆ ಮಡಚಿದರೆ ಮೇಲಿನ ಚಿತ್ರ ಕೆಳಗಿನ ಚಿತ್ರದ ಮೇಲೆ ಕೂರುತ್ತದೆ, ಕ ಹೋಗಿ ಡ ದ ಮೇಲೆ ಬೀಳುತ್ತದೆ. ಮಡಿಕೆಯ ಆಚೆ ಈಚೆ ಒಂದರ ಮೇಲೊಂದು ಬೀಳುವ ಬಿಂದುಗಳನ್ನು ಸೇರಿಸುವ ಗೆರೆ ಮಡಿಕೆಗೆ ಲಂಬವೇ. ಅದಕ್ಕೇ ಲಂಬ ಉಳಿಯಿತು. ನಡು ಬರಬೇಕಾದರೆ ಇನ್ನೊಂದು ಮಡಿಕೆ ಬೇಕು, ಅ ಹೋಗಿ ಬ ದ ಮೇಲೆ ಕೂರುವ ಮಡಿಕೆ. ಅದು ಬರುವುದು ಎರಡು ಗೂಟಗಳಿಂದ ಸಮ ಅಳತೆ ಹಿಡಿದಾಗ ಮಾತ್ರ.

ಹುಡುಗರು ಒಂದೇ ಬದಿಯ ಕಂಸಗಳಲ್ಲಿ ತಪ್ಪಿದ್ದರೆ ಲಂಬವೂ ಹೋಗುತ್ತಿತ್ತು. ಹೀಗೆ ತಪ್ಪಿನ ಬಗೆ ನೋಡಿಯೇ ಅದು ಎಲ್ಲಿ ಹುಟ್ಟಿತು ಎಂದು ಹೇಳಬಹುದು. ನೋಟ್‌ಬುಕ್ಕಿನಲ್ಲೂ ಹಾಗೆಯೇ: ಗೆರೆ ನೆಟ್ಟಗಿದ್ದು ನಡು ತಪ್ಪಿದ್ದರೆ ಮುಳ್ಳು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗ ಕೈವಾರ ಸಡಿಲಾಗಿದೆ. ಗೆರೆ ವಾಲಿದ್ದರೆ ಎಳೆಯುವಾಗಲೇ ಕಾಲು ಸರಿದಿದೆ.

ಮರುದಿನ ಬೇರೆ ರೀತಿ ಮಾಡಿದೆವು. ಸುಮಾರು 25 ಮೀಟರ್ 50 ಸೆಂಟಿಮೀಟರ್‌ನ ಒಂದೇ ಹಗ್ಗ, ಎರಡು ತುದಿಗೂ ಕುಣಿಕೆ. ತುದಿಗೆ ತುದಿ ಹಚ್ಚಿ ಮಡಚಿ, ನಡುವಿಗೆ ಬಣ್ಣದ ದಾರ ಕಟ್ಟಿದೆವು. ಕುಣಿಕೆಗಳನ್ನು ಎರಡು ಗೂಟಕ್ಕೆ ಹಾಕಿ, ದಾರ ಕಟ್ಟಿದ ಕಡೆ ಕೋಲು ಹಿಡಿದು ಒಳಕ್ಕೆ ಎಳೆದು ಗುರುತು ಮಾಡಿ, ಆಮೇಲೆ ಹೊರಕ್ಕೆ ಎಳೆದು ಇನ್ನೊಂದು ಗುರುತು. ಕಂಸ ಎಳೆಯುವ ಕೆಲಸವೇ ಇಲ್ಲ. ಹಗ್ಗದ ಉದ್ದ ಎಷ್ಟೆಂದು ಗೊತ್ತಿರಬೇಕಾಗಿಯೂ ಇಲ್ಲ, ಎರಡು ಅರ್ಧಗಳು ಸಮವಿದ್ದರೆ ಸಾಕು. ನೈಲಾನ್ ಹಗ್ಗ ಹಿಗ್ಗಿದರೂ ಎರಡೂ ಅರ್ಧ ಒಟ್ಟಿಗೇ ಹಿಗ್ಗುತ್ತವೆ. ಟೇಪಿನಲ್ಲಿ ಎರಡು ಕಡೆಯೂ 9 ಮೀಟರ್ ಬಂತು, ಒಳಗಿನ ಗುರುತು ಎದುರಿನ ಗೆರೆಯ ಸುಣ್ಣದ ಮೇಲೆಯೇ ಇತ್ತು.

ಇದು ನನ್ನ ಉಪಾಯವಲ್ಲ. ಯಜ್ಞವೇದಿಯ ಅಳತೆ ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿ ದಿಕ್ಕು ಹಿಡಿಯುವ ಕ್ರಮ ಇದೇ. ನೆಟ್ಟ ಶಂಕುವಿನ ನೆರಳಿನಿಂದ ಪೂರ್ವ ಪಶ್ಚಿಮ ಕಂಡುಕೊಂಡು ಅಲ್ಲಿ ಎರಡು ಗೂಟ, ಅವಕ್ಕೆ ಹಗ್ಗದ ಕುಣಿಕೆ, ನಡುವನ್ನು ದಕ್ಷಿಣಕ್ಕೊಮ್ಮೆ ಉತ್ತರಕ್ಕೊಮ್ಮೆ ಎಳೆದರೆ ಉತ್ತರ ದಕ್ಷಿಣದ ಗೆರೆ. ಶುಲ್ಬ ಎಂದರೆ ಹಗ್ಗವೇ.

ಇದಾದ ಮೇಲೆ ಕೋನಾರ್ಧಕವನ್ನು ಬೇರೆ ಪಾಠವಾಗಿ ಕಲಿಸುವುದನ್ನು ನಾನು ಬಿಟ್ಟೆ. ಅದೂ ಇದೇ ಚಿತ್ರ. ಶೃಂಗ ಒ ದಲ್ಲಿ ಮುಳ್ಳಿಟ್ಟು ಒಂದು ಕಂಸ ಎಳೆದು ಎರಡು ಬಾಹುಗಳ ಮೇಲೆ ಅ, ಬ ಪಡೆಯುತ್ತೇವೆ. ಕೋರ್ಟಿನಲ್ಲಿ ಕ ವನ್ನು ಹುಡುಕಬೇಕಾಗಿತ್ತು, ಇಲ್ಲಿ ಒ ಮೊದಲೇ ಕೈಯಲ್ಲಿದೆ. ಅ, ಬ ಗಳಿಂದ ಸಮ ತ್ರಿಜ್ಯದ ಕಂಸಗಳು ಕೂಡಿದಲ್ಲಿ ಡ. ಒಡ ಸೇರಿಸಿದರೆ ಆಯಿತು. ಮೇಲಿನ ಕಾರಣದ ಮೊದಲರ್ಧವೇ ಸಾಕು: ಮೂರು ಬಾಹು ಸಮ, ಆದ್ದರಿಂದ ಒ ದಲ್ಲಿ ಎರಡು ಕೋನಗಳು ಸಮ.

ಮಕ್ಕಳು ತಪ್ಪುವುದು ಮೊದಲ ಕಂಸದಲ್ಲಿ. ಅದನ್ನು ಬಿಟ್ಟುಬಿಡುತ್ತಾರೆ, ಬಾಹುಗಳ ತುದಿಯಲ್ಲೇ ಮುಳ್ಳು ಊರುತ್ತಾರೆ. ಒಬ್ಬನ ನೋಟ್‌ಬುಕ್ಕಿನಲ್ಲಿ 70 ಡಿಗ್ರಿ ಕೋನ, ಒಂದು ಬಾಹು 7 ಸೆಂಟಿಮೀಟರ್, ಇನ್ನೊಂದು 4. ಕೈವಾರ 5 ಸೆಂಟಿಮೀಟರ್ ತೆರೆದಿದ್ದ. ಕೋನಮಾಪಕ ಇಟ್ಟರೆ ಒಂದು ಕಡೆ 38, ಇನ್ನೊಂದು ಕಡೆ 32. "ಈಗ 8 ತೆರದು ಹಾಕಪಾ" ಎಂದೆ. ಬೇರೆಯೇ ಗೆರೆ ಬಂತು, 44 ಮತ್ತು 26. ಒ ದಿಂದ ಅ, ಬ ಸಮದೂರ ಇಲ್ಲವೆಂದ ಮೇಲೆ ಅದು ಸಮದೂರದ ಬಿಂದುಗಳ ಸಾಲಿಗೆ ಸೇರುವುದೇ ಇಲ್ಲ. ಕೋನಮಾಪಕವಿಲ್ಲದೆ ಪರೀಕ್ಷೆ ಮಾಡುವುದು ಹೀಗೆ: ಕೈವಾರವನ್ನು ಬೇರೆ ಅಳತೆಗೆ ತೆರೆದು ಅದೇ ಅ, ಬ ಗಳಿಂದ ಇನ್ನೊಮ್ಮೆ ಕಂಸ ಎಳೆಯಿರಿ. ಹೊಸ ಕೂಡುಬಿಂದು ಹಳೆಯ ಗೆರೆಯ ಮೇಲೇ ಬಿದ್ದರೆ ರಚನೆ ಸರಿ, ಪಕ್ಕಕ್ಕೆ ಬಿದ್ದರೆ ಅ, ಬ ಗಳನ್ನೇ ಮೊದಲು ನೋಡಿ.

ಕೋರ್ಟಿನಲ್ಲಿ ಪ್ರಶ್ನೆ ಕೇಳಿದ ಅದೇ ಹುಡುಗಿ, 60 ನ್ನು 30, 15 ಮಾಡಿ ಮುಗಿಸಿದ ಮೇಲೆ, "ಮೂರು ಪಾಲ ಮಾಡೂದು ಹೆಂಗ್ರಿ ಸರ?" ಎಂದಳು. ತಾನೇ ಒಂದು ದಾರಿಯನ್ನೂ ಹಿಡಿದಿದ್ದಳು: 120 ಡಿಗ್ರಿ ಕೋನದಲ್ಲಿ ಅ, ಬ ಸೇರಿಸಿ, ಆ ಗೆರೆಯನ್ನು ಮೂರು ಸಮ ಪಾಲು ಮಾಡಿ ಒ ಕ್ಕೆ ಜೋಡಿಸುವುದು. ಅರ್ಧ ಮಾಡುವಾಗ ಗೆರೆಯ ಅರ್ಧವೂ ಕೋನದ ಅರ್ಧವೂ ಒಂದೇ ಕಡೆ ಬಂದಿದ್ದವಲ್ಲ, ಅವಳು ಹಾಗೆ ಯೋಚಿಸಿದ್ದು ಸಹಜ. ಯಾವ ಕೋನಕ್ಕೂ ನಡೆಯುವಂಥ ಮೂರು ಪಾಲಿನ ರಚನೆ ಗುರುತಿಲ್ಲದ ನೇರಪಟ್ಟಿ, ಕೈವಾರಗಳಿಂದ ಸಾಧ್ಯವೇ ಇಲ್ಲ ಎಂದು 1837 ರಲ್ಲಿ ಫ್ರಾನ್ಸಿನ ವಾಂಟ್ಜೆಲ್ ಸಾಧಿಸಿ ತೋರಿಸಿದ ಎಂದು ಹೇಳಬಹುದಿತ್ತು, ಆಮೇಲೆ ಹೇಳಿದೆ ಕೂಡ. ಮೊದಲು ಅಳೆದು ನೋಡು ಎಂದೆ. ಕೋನಮಾಪಕ ಇಟ್ಟು ಒಂದೊಂದಾಗಿ ಓದಿದಳು: 30, 60, 30.