ಮುನ್ನೂರು ಪ್ರತಿ, ಹೇಳಿದ ದಿನಕ್ಕಿಂತ ಮೊದಲೇ: ನನ್ನ ಅನುಭವ

ಮುಂಗಡ ಬುಕಿಂಗಿನಲ್ಲಿ ಮೊದಲ ಸಲ ಕೈಸುಟ್ಟುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನಂಬರ್ ಹಾಕಿದ, ಲೇಖಕರ ಸಹಿ ಇರುವ ಗಟ್ಟಿ ರಟ್ಟಿನ ಪುಸ್ತಕ, ಮುನ್ನೂರೇ ಪ್ರತಿ ಅಂತ ಘೋಷಿಸಿದೆ. ಕ್ಯುಆರ್ ಕೋಡ್ ಹಾಕಿ ತಲಾ ಆರುನೂರು ರೂಪಾಯಿ ತಗೊಂಡೆ. ಸುಮಾರು 180 ಜನ ಕಟ್ಟಿದರು. ಆಗ ನನ್ನ ಹತ್ತಿರ ಇದ್ದದ್ದು ಎರಡನೇ ಪ್ರೂಫ್ ಮಾತ್ರ!

ಲೇಖಕರು ಪ್ರೂಫಿನಲ್ಲೇ ಹೊಸ ಅಧ್ಯಾಯ ಬರೆದರು. ಎರಡು ತಿಂಗಳು ಹೋಯಿತು. ಆ ಹೊತ್ತಿಗೆ ಬಂದ ದುಡ್ಡಲ್ಲಿ ಅರ್ಧ ಬೇರೊಂದು ಪುಸ್ತಕದ ಕಾಗದಕ್ಕೆ ಸುರಿದಿದ್ದೆ. ಅಚ್ಚಾದ ಹಾಳೆಗಳು, ಅಂದರೆ ಫಾರಂಗಳು, ಬೈಂಡರ್ ಹತ್ತಿರ ತಲುಪಿದ್ದು ಮೇ ಕೊನೆಗೆ. ಶಾಲೆ ಶುರುವಾಗುವ ಹೊತ್ತಿಗೆ ಬೈಂಡರ್‌ಗೆ ನೋಟ್‌ಬುಕ್ ಬಿಟ್ಟು ಬೇರೇನೂ ಕಾಣಲ್ಲ ಅಂತ ನಿಮಗೂ ಗೊತ್ತು. ಅವರು ಕೈಗೆತ್ತಿಕೊಂಡದ್ದು ಜುಲೈ ಮಳೆಯಲ್ಲಿ. ಅಂಟು ಒಣಗಲಿಲ್ಲ, ರಟ್ಟು ಹಪ್ಪಳದ ಹಾಗೆ ಎದ್ದಿತು. ಬರೀ ಮಳೆಯ ತಪ್ಪಲ್ಲ, ರಟ್ಟಿನ ನಾರು ಅಡ್ಡಕ್ಕೆ ಬರುವ ಹಾಗೆ ಕತ್ತರಿಸಿದ್ದರು. ಈಗ ನಾನೇ ಒಂದು ತುಂಡನ್ನು ಎರಡೂ ಕಡೆಗೆ ಬಗ್ಗಿಸಿ ನೋಡುತ್ತೇನೆ. ಸುಲಭವಾಗಿ ಬಗ್ಗಿದಾಗ ಬೀಳುವ ಮಡಿಕೆಯ ಗೆರೆ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು.

ಒಟ್ಟು ಏಳು ತಿಂಗಳು ತಡ. ಇಪ್ಪತ್ತು ಚಿಲ್ಲರೆ ಜನ ದುಡ್ಡು ವಾಪಸ್ ಕೇಳಿದರು. ಒಬ್ಬೊಬ್ಬರಿಗೇ ಕೂತು ಕಳಿಸಿದೆ. ಅಷ್ಟರಲ್ಲಿ ಮೂವತ್ತು ಜನರ ವಿಳಾಸವೇ ಬದಲಾಗಿತ್ತು. ಧಾರವಾಡದ ಒಬ್ಬ ಹಿರಿಯರು ಪ್ರತಿ ಸೋಮವಾರ ಫೋನ್ ಮಾಡಿ, "ಎಲ್ಲಿಗೆ ಬಂತ್ರೀ ನಮ್ಮ ಪುಸ್ತಕ?" ಅನ್ನುತ್ತಿದ್ದರು. ಬೈಗುಳಕ್ಕಿಂತ ಅದು ಜಾಸ್ತಿ ಚುಚ್ಚುತ್ತಿತ್ತು.

ಎರಡನೇ ಸಲ ಕ್ರಮವನ್ನೇ ತಿರುಗಿಸಿದೆ. ಸಾದಾ ಪೇಪರ್‌ಬ್ಯಾಕ್ ಸಾವಿರ ಪ್ರತಿ ಹೇಗಿದ್ದರೂ ಹಾಕಿಸುವುದಿತ್ತು. ಅದೇ ಪ್ಲೇಟಿನಲ್ಲಿ 330 ಸೆಟ್ ಫಾರಂ ಹೆಚ್ಚಿಗೆ ಓಡಿಸಿದೆ. ಡೆಮಿ 1/8, 240 ಪುಟ, ಹದಿನೈದು ಫಾರಂ. ಪ್ಲೇಟು, ಮಿಷನ್ ಹೊಂದಿಸುವ ಖರ್ಚು ಆಗಲೇ ಪೇಪರ್‌ಬ್ಯಾಕ್ ಲೆಕ್ಕಕ್ಕೆ ಹೋಗಿತ್ತು. ಹೆಚ್ಚುವರಿ ಬಿದ್ದದ್ದು ಕಾಗದ ಮತ್ತು ಚೂರು ಓಟದ ಕೂಲಿ, ಎಲ್ಲಾ ಸೇರಿ ಹನ್ನೆರಡು ಸಾವಿರದ ಆಸುಪಾಸು. ಮಡಿಸಿದ ಫಾರಂಗಳನ್ನು ಹೊಲಿಸದೆ, ಕಾಗದದ ರೀಮಿನ ಹೊದಿಕೆಯಲ್ಲೇ ಸುತ್ತಿ ಅಟ್ಟದ ಮೇಲಿಟ್ಟೆ. ಮುಂಗಡ ಬುಕಿಂಗ್ ತೆರೆದದ್ದು ಅದಾದ ಮೇಲೆ, ಜನವರಿಯಲ್ಲಿ.

"ಮುನ್ನೂರಕ್ಕೆ ಪೇಪರ್‌ಬ್ಯಾಕ್ ಸಿಗುವಾಗ 750 ಕೊಟ್ಟು ಯಾರಪ್ಪಾ ತಗೊಳ್ತಾರೆ?" ಅಂತ ಪ್ರಕಾಶಕ ಗೆಳೆಯರು ನಕ್ಕರು. ಒಂಬತ್ತು ದಿನದಲ್ಲಿ 214 ಹೋಯಿತು, ಉಳಿದದ್ದು ತಿಂಗಳೊಳಗೆ.

ಓದುಗರ ದುಡ್ಡು ಬೇರೆ ಖಾತೆಯಲ್ಲಿಟ್ಟೆ. ಅದರಿಂದ ಬೈಂಡಿಂಗ್, ಅಂಚೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯಲಿಲ್ಲ. ಕೊನೆ ಪುಸ್ತಕ ಹೊರಡುವ ತನಕ ಲಾಭ ನನ್ನದಲ್ಲ ಅಂದುಕೊಂಡೆ. ಬೈಂಡರ್ ಐದು ವಾರ ಅಂದರು, ನಾನು ಓದುಗರಿಗೆ ಅರವತ್ತು ದಿನ ಅಂದೆ. ತಡವಾಗುವಂಥ ಕೆಲಸ ಉಳಿದಿದ್ದದ್ದು ಬೈಂಡಿಂಗ್ ಒಂದೇ, ಅಲ್ವಾ? ವಿಳಾಸವನ್ನು ಪಾರ್ಸೆಲ್ ಕಟ್ಟುವ ವಾರ ಮತ್ತೊಮ್ಮೆ ಕೇಳಿದೆ.

ನಂಬರ್ ವಿಷಯದಲ್ಲೂ ಮೊದಲು ಎಡವಿದ್ದೆ. ಬೈಂಡಿಂಗಿಗೆ ಮುಂಚೆಯೇ ನಂಬರ್ ಹಾಕಿಸಿದ್ದೆ. ಕತ್ತರಿಸುವಾಗ ಕೆಟ್ಟ ಪ್ರತಿಗಳ ಜೊತೆ 108 ಹೋಯಿತು, ಅದನ್ನೇ ಬೇಡಿದ್ದವರು ಮುನಿಸಿಕೊಂಡರು. ಈಗ ಸಹಿ ಮಾತ್ರ ಬಿಡಿ ಹಾಳೆಯ ಮೇಲೆ ಮೊದಲೇ ಮಾಡಿಸುತ್ತೇನೆ, ಬೈಂಡರ್ ಅದನ್ನು ಅಂಟಿಸುತ್ತಾರೆ. ನಂಬರ್ ಮಾತ್ರ ಪುಸ್ತಕ ಕೈಗೆ ಬಂದ ಮೇಲೆ ನನ್ನ ಕೈಬರಹದಲ್ಲಿ. ಈ ಸಲ 330ರಲ್ಲಿ ಚೆನ್ನಾಗಿ ಬಂದದ್ದು 318. ಮುನ್ನೂರು ಕಳಿಸಿ, ಅಂಚೆಯಲ್ಲಿ ಮೂಲೆ ಜಜ್ಜಿದ್ದಕ್ಕೆ ಬದಲಿ ಕೊಡಲು ಹತ್ತು ಇಟ್ಟುಕೊಂಡೆ. ನಾಲ್ಕು ಖರ್ಚಾಯಿತು.

ಉಳಿದ ಎಂಟರಲ್ಲಿ ನನ್ನ ಹುಚ್ಚು ನಡೆಯಿತು. ಗುಳೇದಗುಡ್ಡದ ಖಣವನ್ನು ಬೆನ್ನಿಗೆ ಹಾಕಿಸಿ ನೋಡಿದೆ. ಮೊದಲೆರಡರಲ್ಲಿ ಅಂಟು ಬಟ್ಟೆಯಿಂದ ಆಚೆಗೆ ಇಳಿದು, ನೇಯ್ಗೆಯ ಮೇಲೆ ಕಲೆಯಾಯಿತು. ಅಂಚಿನ ಎಳೆಯೂ ಬಿಚ್ಚಿಕೊಂಡಿತು. ಆಮೇಲೆ ಬಟ್ಟೆಯ ಹಿಂದೆ ತೆಳು ಕಾಗದ ಅಂಟಿಸಿ, ಪೂರ್ತಿ ಒಣಗಿಸಿ, ಆಮೇಲೆ ಕತ್ತರಿಸಿದೆವು. ಯಾವ ಅಂಟು, ಎಷ್ಟು ನೀರು ಅನ್ನೋದು ಸದ್ಯಕ್ಕೆ ನನ್ನ, ಬೈಂಡರ್ ನಡುವೆಯೇ ಇರಲಿ. ಆರು ಅಚ್ಚುಕಟ್ಟಾಗಿ ಬಂದಿವೆ, ಮಾರಾಟಕ್ಕಿಲ್ಲ.

ಪ್ರತಿಗೆ ಬೈಂಡಿಂಗ್ 190, ಅಂಚೆ ಮತ್ತು ಡಬ್ಬಿ ತೊಂಬತ್ತರ ಹತ್ತಿರ, ಲೇಖಕರ ಗೌರವಧನ 110 ಬಿತ್ತು. ಕಾಗದ ಸೇರಿಸಿದರೂ ಪ್ರತಿಗೆ ಮುನ್ನೂರರ ಮೇಲೆ ಉಳಿಯಿತು. ನಕ್ಕವರಲ್ಲಿ ಇಬ್ಬರು ಈಗ ಬೈಂಡರ್ ನಂಬರ್ ಕೇಳುತ್ತಿದ್ದಾರೆ.

ಕೊನೆಯ ಪಾರ್ಸೆಲ್ ಹೊರಟದ್ದು 47ನೇ ದಿನ. ಧಾರವಾಡದವರು ಗುರುವಾರ ಫೋನ್ ಮಾಡಿದರು. "ಪುಸ್ತಕ ಬಂತ್ರೀ. ಸೋಮವಾರ ತನಕ ಕಾಯೂದು ಯಾಕ ಅಂತ ಈಗ ಮಾಡೀನಿ."