ಕಟ್ಟಿನ ಸಾರು ಕೊಟ್ಟು ಒಬ್ಬಟ್ಟು ಮಾರಿದ್ದು

ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಸಿಹಿತಿಂಡಿ ಅಂಗಡಿ. 2024ರ ಯುಗಾದಿಗೆ ವಾಟ್ಸಾಪ್‌ನಲ್ಲಿ ಹಾಕಿದ ಪೋಸ್ಟ್ ಹೀಗಿತ್ತು: "ಯುಗಾದಿ ವಿಶೇಷ ಕೊಡುಗೆ! ಬಿಸಿಬಿಸಿ ಒಬ್ಬಟ್ಟಿನ ಮೇಲೆ 10% ರಿಯಾಯಿತಿ. ಇಂದೇ ಬುಕ್ ಮಾಡಿ." ಮುಂಗಡ ಕೊಟ್ಟವರು ನಾಲ್ಕೇ ಜನ. ಉಳಿದವರೆಲ್ಲ ಹಬ್ಬದ ದಿನವೇ ಬಂದು ಸಾಲಾಗಿ ನಿಂತು, "ಹತ್ತು ಪರ್ಸೆಂಟ್ ಎಲ್ಲಿ ಸ್ವಾಮಿ?" ಎಂದು ಕೇಳಿದರು. ತಪ್ಪು ನನ್ನದೇ. ಯಾವತ್ತಿನೊಳಗೆ ಬುಕ್ ಮಾಡಬೇಕು ಅಂತ ನಾನು ಬರೆದೇ ಇರಲಿಲ್ಲ. ಯಾವಾಗ ಬಂದರೂ ಸಿಗುವ ರಿಯಾಯಿತಿಗೆ ಯಾರು ಮೊದಲೇ ದುಡ್ಡು ಕೊಡುತ್ತಾರೆ?

ಒಬ್ಬಟ್ಟನ್ನು ಮೈಸೂರು ಪಾಕಿನ ಹಾಗೆ ಮೊದಲೇ ಮಾಡಿಡೋಕೆ ಆಗಲ್ಲ. ಯುಗಾದಿ ಹೊತ್ತಿನ ಸೆಕೆಗೆ ರಾತ್ರಿ ರುಬ್ಬಿದ ಹೂರಣ ಮಾರನೇ ಮಧ್ಯಾಹ್ನಕ್ಕೆ ಹುಳಿ ವಾಸನೆ ಬರುತ್ತೆ. ಆ ವರ್ಷ ಅಂದಾಜಿಗೆ ಬೇಳೆ ಬೇಯಿಸಿದ್ದೆ. ಬೆಳಿಗ್ಗೆ ಜನ ಕಾದು ಬೇಸತ್ತು ಹೋದರು, ಸಂಜೆ ಒಂದು ಪಾತ್ರೆ ಹೂರಣ ಚೆಲ್ಲಿದೆ.

2025ರಲ್ಲಿ ಹಬ್ಬ ಮಾರ್ಚ್ 30, ಭಾನುವಾರ. ಈ ಸಲ ಪೋಸ್ಟ್ ಬರೆಯೋಕೆ ಮೊದಲು ಹೆಂಚಿನ ಲೆಕ್ಕ ಹಾಕಿದೆ. ನಮ್ಮಲ್ಲಿ ಎರಡು ಹೆಂಚು, ಮೂರು ಜನ. ಗಂಟೆಗೆ 120–130 ಒಬ್ಬಟ್ಟು ಇಳಿಯುತ್ತೆ. ನಾಲ್ಕೂವರೆಗೆ ಶುರು ಮಾಡಿದರೆ ಹನ್ನೊಂದಕ್ಕೆ 800. ಅದಕ್ಕಿಂತ ಜಾಸ್ತಿ ಒಪ್ಪಿಕೊಳ್ಳಬಾರದು ಅಂತ ತೀರ್ಮಾನವಾಯಿತು.

ಕೊಡುಗೆ ಏನು ಅನ್ನೋದು ಹೊಳೆದದ್ದು ನನ್ನ ಹೆಂಡತಿಗೆ. "ರೀ, ಬೇಳೆ ಕಟ್ಟನ್ನ ಸುಮ್ನೆ ಮೋರಿಗೆ ಚೆಲ್ತೀವಲ್ಲ, ಸಾರು ಮಾಡಿ ಕೊಟ್ರೆ ಆಗಲ್ವಾ?" ಅಂದಳು. ಒಂದು ಒಬ್ಬಟ್ಟಿಗೆ 25 ರೂಪಾಯಿ. 20ಕ್ಕೆ 500, ಹತ್ತು ಪರ್ಸೆಂಟ್ ಬಿಟ್ಟರೆ 50 ರೂಪಾಯಿ ಕೈಬಿಟ್ಟ ಹಾಗೆ. ಅರ್ಧ ಲೀಟರ್ ಒಬ್ಬಟ್ಟಿನ ಸಾರಿಗೆ ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆ, ಕವರ್ ಎಲ್ಲ ಸೇರಿ ನಮಗೆ ಬೀಳೋದು ಹನ್ನೆರಡು ರೂಪಾಯಿ. ತಗೊಳ್ಳುವವರಿಗೆ ಮಾತ್ರ ಅದರ ಬೆಲೆ ಬೇರೆಯೇ. ಒಬ್ಬಟ್ಟು ಅಂಗಡಿಯಿಂದ ತಂದ ಮನೆಯಲ್ಲಿ ಕಟ್ಟು ಎಲ್ಲಿಂದ ಬರಬೇಕು? ಸಾರೇ ಇಲ್ಲದ ಯುಗಾದಿ ಊಟ ಅವರಿಗೂ ಸಪ್ಪೆ.

ಹಬ್ಬಕ್ಕೆ ಹತ್ತು ದಿನ ಮುಂಚೆ ಹಾಕಿದ ಪೋಸ್ಟ್ ಇದು:

> ಯುಗಾದಿಗೆ ಬೇಳೆ ಒಬ್ಬಟ್ಟು. ಮಾರ್ಚ್ 30, ಭಾನುವಾರ, ಅವತ್ತೇ ಬೆಳಗಿನ ಜಾವ ತಟ್ಟಿದ್ದು. ಒಂದಕ್ಕೆ ₹25.
> 20 ಒಬ್ಬಟ್ಟು ಮುಂಗಡ ಹೇಳಿದವರಿಗೆ ಅರ್ಧ ಲೀಟರ್ ಒಬ್ಬಟ್ಟಿನ ಸಾರು ನಮ್ಮ ಕಡೆಯಿಂದ.
> ನಾವು ತಟ್ಟೋದು 800 ಮಾತ್ರ. ಶುಕ್ರವಾರ (28) ಸಂಜೆ 7ಕ್ಕೆ ಬುಕಿಂಗ್ ಮುಗಿಯುತ್ತೆ.
> ಎಷ್ಟು ಬೇಕು, ಎಷ್ಟು ಹೊತ್ತಿಗೆ ಬರ್ತೀರಿ (7–8, 8–9, 9–10, 10–11) ಬರೆದು, ಅರ್ಧ ದುಡ್ಡು ಕಳಿಸಿ. ನಿಮ್ಮ ಬುಕಿಂಗ್ ನಂಬರ್ ಕೊಡ್ತೀವಿ.

"ಬಿಸಿಬಿಸಿ" ಅನ್ನೋದನ್ನು ಬೇಕಂತಲೇ ತೆಗೆದೆ. ಐದಕ್ಕೆ ಇಳಿದದ್ದು ಒಂಬತ್ತಕ್ಕೆ ಬಿಸಿ ಇರಲ್ಲ, ಹಿಂದಿನ ವರ್ಷ ಅದಕ್ಕೂ ಮಾತು ಕೇಳಿದ್ದೆ. ಶುಕ್ರವಾರ ಯಾಕೆ ಅಂದರೆ, ಶನಿವಾರ ಬೆಳಿಗ್ಗೆ ಬೇಳೆ, ಬೆಲ್ಲ ತರಬೇಕು. ಕೇಜಿ ಬೇಳೆಗೆ ನಮ್ಮ ಅಳತೆಯಲ್ಲಿ ಸುಮಾರು 55 ಒಬ್ಬಟ್ಟು ಬರುತ್ತೆ. ಎಷ್ಟು ಆರ್ಡರ್ ಅಂತ ಗೊತ್ತಿದ್ದರೆ ಬೇಳೆ ಎಷ್ಟು ಅಂತ ಚೀಟಿ ಬರೆಯಬಹುದು. ಅರ್ಧ ದುಡ್ಡಿನ ಮಾತು ಬರೆಯೋಕೆ ಸಂಕೋಚವೇ ಆಯಿತು. ಆದರೆ ಬರೀ "ನಂಗೂ ಹಾಕಿ" ಅಂದವರಲ್ಲಿ ಎಷ್ಟು ಜನ ಬರ್ತಾರೆ ಅಂತ ವ್ಯಾಪಾರ ಮಾಡಿದವರಿಗೆ ಗೊತ್ತು.

ಮೊದಲ ಮೂರು ದಿನ ಅಷ್ಟಕ್ಕಷ್ಟೇ. ಬಂದ ಆರ್ಡರೆಲ್ಲ 9–10ಕ್ಕೇ, ಪೂಜೆ ಮುಗಿಸಿ ಬರುವ ಹೊತ್ತು. ನಾಲ್ಕನೇ ದಿನ ಅದು ತುಂಬಿತು. ಸ್ಟೇಟಸ್‌ನಲ್ಲಿ ಒಂದೇ ಸಾಲು ಹಾಕಿದೆ: "9–10 ಭರ್ತಿ ಆಯ್ತು. 7–8, 8–9 ಇದೆ. ನೈವೇದ್ಯಕ್ಕೆ ಬೇಕಿದ್ದರೆ ಅದೇ ಸರಿಯಾದ ಹೊತ್ತು." ಅಸಲಿ ಪೋಸ್ಟ್‌ಗಿಂತ ಈ ಸಾಲೇ ಜಾಸ್ತಿ ಆರ್ಡರ್ ತಂದಿತು. ಆಮೇಲೆ ಪ್ರತಿ ಸಂಜೆ ಉಳಿದದ್ದೆಷ್ಟು ಅಂತ ಹಾಕುತ್ತಾ ಹೋದೆ. ನಿಜವಾದ ಲೆಕ್ಕವನ್ನೇ ಹಾಕಬೇಕು. ಸುಳ್ಳೇ "ಭರ್ತಿ" ಅಂದು ಬಂದವರಿಗೆಲ್ಲ ಕೊಟ್ಟರೆ ಮುಂದಿನ ಸಲ ಯಾರೂ ನಂಬಲ್ಲ. ಮಾಮೂಲಾಗಿ ಹತ್ತು, ಹನ್ನೆರಡು ಒಯ್ಯುತ್ತಿದ್ದವರು ಸಾರಿಗೋಸ್ಕರ ಇಪ್ಪತ್ತು ಹೇಳಿದ್ದು ಲಾಭ.

ಗುರುವಾರ ರಾತ್ರಿಗೆ 780 ಆಯಿತು. ಉಳಿದ 20ನ್ನು ಹರಿದುಹೋಗುವ ಒಬ್ಬಟ್ಟುಗಳ ಲೆಕ್ಕಕ್ಕೆ ಇಟ್ಟುಕೊಂಡು ಒಂದು ದಿನ ಮೊದಲೇ ಬುಕಿಂಗ್ ನಿಲ್ಲಿಸಿದೆ.

ಹಬ್ಬದ ದಿನ ಎಡವಟ್ಟಾದದ್ದು ಸಾರಿನ ಕವರ್‌ನಲ್ಲಿ. ಬಿಸಿ ಸಾರು ತುಂಬಿದ ಮೂರು ಕವರ್ ಒಡೆದು, ಒಬ್ಬರ ಸ್ಕೂಟರ್ ಡಿಕ್ಕಿಯೆಲ್ಲ ಸಾರು. ಬುಕ್ ಮಾಡಿದವರಿಗೆಲ್ಲ ಅವತ್ತೇ ಎಂಟು ಗಂಟೆಗೆ "ಸಾರಿಗೆ ಡಬ್ಬಿ ತನ್ನಿ" ಅಂತ ಮೆಸೇಜ್ ಕಳಿಸಿದೆ. ಎಷ್ಟು ದೊಡ್ಡ ಡಬ್ಬಿ ಅಂತ ಬರೆಯೋದು ಮರೆತೆ. ಹತ್ತೂವರೆಗೆ ಬಂದವರೊಬ್ಬರ ಕೈಯಲ್ಲಿ ಮೂರು ಲೀಟರಿನ ಹಾಲಿನ ಕ್ಯಾನ್ ಇತ್ತು.